ಎತ್ತರದ ಎಎಸ್‌ಎ ಡಬ್ಬಿ ಎರಡು ಕಡೆ ಸೀಳಿದ್ದೇಕೆ: ಒಂದು ಪ್ರಕರಣ

ಹುಬ್ಬಳ್ಳಿಯ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ತೋಟದ ಪಂಪ್‌ಗೆ ಕಂಟ್ರೋಲರ್ ಮಾಡುತ್ತಾರೆ. ಟ್ಯಾಂಕ್ ತುಂಬಿದ ಕೂಡಲೇ ಮೋಟಾರ್ ಆಫ್ ಮಾಡುವ ಸಾಧನ ಅದು. ಅದರ ಡಬ್ಬಿಯನ್ನು ಅವರೇ ತ್ರೀಡಿ ಪ್ರಿಂಟ್ ಮಾಡಿಕೊಳ್ಳುತ್ತಾರೆ. ಡಬ್ಬಿ ಬಿಸಿಲಲ್ಲೇ ಇರಬೇಕು, ಹಾಗಾಗಿ ಎಎಸ್‌ಎ ಪ್ಲಾಸ್ಟಿಕ್ ಆರಿಸಿದ್ದು ಸರಿಯಾಗಿಯೇ ಇತ್ತು. ಎಬಿಎಸ್‌ನಲ್ಲಿರುವ ರಬ್ಬರ್ ಅಂಶ ಬಿಸಿಲಿಗೆ ಬೇಗ ಹಾಳಾಗುತ್ತದೆ, ಎಎಸ್‌ಎಯಲ್ಲಿ ಆ ಜಾಗದಲ್ಲಿ ಬಿಸಿಲು ತಡೆಯುವ ಬೇರೆ ರಬ್ಬರ್ ಇದೆ. ಉಳಿದಂತೆ ಪ್ರಿಂಟ್ ಮಾಡುವಾಗ ಎರಡರ ಸ್ವಭಾವವೂ ಹೆಚ್ಚು ಕಡಿಮೆ ಒಂದೇ. ಇಲ್ಲಿ ಎಎಸ್‌ಎ ಬಗ್ಗೆ ಹೇಳುವುದೆಲ್ಲ ಎಬಿಎಸ್‌ಗೂ ಸಲ್ಲುತ್ತದೆ.

ಡಬ್ಬಿಯ ಅಳತೆ 120 ಮಿ.ಮೀ. ಅಗಲ, 90 ಮಿ.ಮೀ. ಆಳ, 230 ಮಿ.ಮೀ. ಎತ್ತರ. ಬಾಯಿ ಮೇಲಿದೆ. ಮುಂದಿನ ಗೋಡೆಯಲ್ಲಿ, ಮೇಲ್ಭಾಗಕ್ಕೆ, ಕೇಬಲ್ ಗ್ಲ್ಯಾಂಡ್ ಕೂರಿಸಲು 20 ಮಿ.ಮೀ. ವ್ಯಾಸದ ಎರಡು ತೂತು. ಲೇಯರ್ ಎತ್ತರ 0.2 ಮಿ.ಮೀ., ನಾಜಲ್ 250 ಡಿಗ್ರಿ, ಬೆಡ್ 105 ಡಿಗ್ರಿ. ಪ್ರಿಂಟ್ ಆಗಲು ಸುಮಾರು ಒಂಬತ್ತು ಗಂಟೆ ಬೇಕು, ಹಾಗಾಗಿ ಸಂಜೆ ಹಚ್ಚಿ ಬೆಳಿಗ್ಗೆ ತೆಗೆಯುವ ರೂಢಿ.

ಬೇಸಿಗೆಯಲ್ಲಿ ಮಾಡಿದ ಡಬ್ಬಿಗಳು ಒಂದು ಮಟ್ಟಿಗೆ ಚೆನ್ನಾಗಿಯೇ ಬಂದಿದ್ದವು. ಆಷಾಢದ ಗಾಳಿ ಶುರುವಾದ ಮೇಲೆ ಒಂದಾದ ಮೇಲೊಂದು ಸೀಳತೊಡಗಿದವು. ನನ್ನನ್ನು ಕರೆದದ್ದು ಆಗ.

ಎರಡು ಸೀಳು, ಎರಡು ಥರ

ಮೇಜಿನ ಮೇಲೆ ಹಾಳಾದ ಡಬ್ಬಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿದಾಗ ಒಂದು ವಿಷಯ ಕಾಣಿಸಿತು. ಎಲ್ಲದರಲ್ಲೂ ಎರಡು ಬೇರೆ ಬೇರೆ ಬಿರುಕುಗಳಿವೆ.

ಮೊದಲನೆಯದು ಬಲ ಮುಂಬದಿಯ ಮೂಲೆಯಲ್ಲಿ. ಬಾಯಿ ತೆರೆದಂತೆ ಅಗಲವಾಗಿದೆ, ಉಗುರು ಒಳಗೆ ಹೋಗುತ್ತದೆ. ಸೀಳಿನ ಮೇಲಿನ ಭಾಗ ಸ್ವಲ್ಪ ಮೇಲಕ್ಕೆ ಬಾಗಿದೆ. ಮೂಲೆಯಿಂದ ಎರಡೂ ಗೋಡೆಗಳ ಕಡೆಗೆ ಹೋಗುತ್ತಾ ತೆಳ್ಳಗಾಗಿ ಮಾಯವಾಗುತ್ತದೆ. ಎತ್ತರ ಮಾತ್ರ ಒಂದೊಂದು ಡಬ್ಬಿಯಲ್ಲಿ ಒಂದೊಂದು. ಒಂದರಲ್ಲಿ 74 ಮಿ.ಮೀ., ಇನ್ನೊಂದರಲ್ಲಿ 96, ಮತ್ತೊಂದರಲ್ಲಿ ನೂರರ ಮೇಲೆ. ಆದರೆ ಮೂಲೆ ಅದೇ. ಎಡ ಹಿಂಬದಿಯ ಮೂಲೆ ಯಾವ ಡಬ್ಬಿಯಲ್ಲೂ ಸೀಳಿರಲಿಲ್ಲ.

ಎರಡನೆಯದು ಕೂದಲೆಳೆಯಷ್ಟು ಸಣ್ಣದು. ಮುಂದಿನ ಗೋಡೆಯಲ್ಲಿ, ತೂತುಗಳ ನೆತ್ತಿಯ ಹತ್ತಿರ ಹೊರಟು, ಎರಡು ತೂತುಗಳ ನಡುವೆ ಸ್ಕೇಲ್ ಇಟ್ಟು ಎಳೆದಷ್ಟು ನೇರವಾಗಿದೆ. ವರ್ನಿಯರ್ ಹಿಡಿದು ನೋಡಿದರೆ ಎಲ್ಲ ಡಬ್ಬಿಗಳಲ್ಲೂ 168 ಮಿ.ಮೀ. ಆಸುಪಾಸಿನಲ್ಲೇ ಇದೆ. ಹಗಲು ಬೆಳಕಲ್ಲಿ ಕರಿ ಪ್ಲಾಸ್ಟಿಕ್ ಮೇಲೆ ಇದು ಕಣ್ಣಿಗೆ ಬೀಳುವುದಿಲ್ಲ. ಕೋಣೆ ಕತ್ತಲೆ ಮಾಡಿ, ಡಬ್ಬಿಯೊಳಗೆ ಮೊಬೈಲ್ ಟಾರ್ಚ್ ಇಟ್ಟರೆ ಬೆಳಕಿನ ಗೆರೆಯಾಗಿ ಕಾಣುತ್ತದೆ. ಕರಿ ಎಎಸ್‌ಎ ಡಬ್ಬಿಯನ್ನು ಹೊರಗೆ ಕಳಿಸುವ ಮುನ್ನ ಈ ಟಾರ್ಚ್ ಪರೀಕ್ಷೆ ಮಾಡಲೇಬೇಕು ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಈ ವ್ಯತ್ಯಾಸವೇ ಅರ್ಧ ಉತ್ತರ ಕೊಡುತ್ತದೆ. ಪ್ರತಿ ಸಲವೂ ಅದೇ ಎತ್ತರದಲ್ಲಿ ಬರುವ ಬಿರುಕಿನ ಕಾರಣ ಫೈಲ್‌ನಲ್ಲಿರುತ್ತದೆ. ಯಾಕೆಂದರೆ ಪ್ರತಿ ಸಲವೂ ಬದಲಾಗದೆ ಉಳಿಯುವುದು ಅದೊಂದೇ. ಎತ್ತರ ಬದಲಾಗುತ್ತಾ, ದಿಕ್ಕು ಮಾತ್ರ ಅದೇ ಇದ್ದರೆ ಕಾರಣ ಕೋಣೆಯಲ್ಲಿ, ಅಂದರೆ ಗಾಳಿಯಲ್ಲಿ.

ಅವರು ಅಷ್ಟರಲ್ಲಾಗಲೇ ನಾಜಲ್ ಶಾಖವನ್ನು 265ಕ್ಕೆ ಏರಿಸಿ ನೋಡಿದ್ದರು. ಪ್ರಯೋಜನ ಆಗಿರಲಿಲ್ಲ. ಫಿಲಮೆಂಟ್ ತೇವ ಎಳೆದುಕೊಂಡಿದೆಯೇನೋ ಅಂತ ಒಣಗಿಸಿಯೂ ಇದ್ದರು. ತೇವ ಇದ್ದರೆ ನಾಜಲ್‌ನಲ್ಲಿ ಚಟಪಟ ಸದ್ದು ಬರುತ್ತದೆ, ಗೋಡೆ ಒರಟಾಗುತ್ತದೆ. ಇಲ್ಲಿ ಗೋಡೆ ನುಣುಪಾಗಿಯೇ ಇತ್ತು.

ಲೇಯರ್ ಅಂಟುವುದು ಹೇಗೆ, ಬಿಡುವುದು ಯಾಕೆ

ನಾಜಲ್ ಶಾಖ ಏರಿಸಿದ್ದು ಯಾಕೆ ಫಲ ಕೊಡಲಿಲ್ಲ ಅಂತ ಅರ್ಥವಾಗಬೇಕಾದರೆ ಎರಡು ಲೇಯರ್ ಹೇಗೆ ಒಂದಾಗುತ್ತವೆ ಅಂತ ನೋಡಬೇಕು.

ಎಎಸ್‌ಎ ಸುಮಾರು 100 ಡಿಗ್ರಿಗಿಂತ ಮೇಲೆ ಮೆತ್ತಗಿರುತ್ತದೆ, ಅದಕ್ಕಿಂತ ಕೆಳಗೆ ಗಟ್ಟಿಯಾಗುತ್ತದೆ. ಎಬಿಎಸ್‌ಗೆ ಈ ಗಡಿ 105ರ ಹತ್ತಿರ. ಬಿಸಿ ಎಳೆ ಕೆಳಗಿನ ಲೇಯರ್ ಮೇಲೆ ಬಿದ್ದಾಗ, ಎರಡೂ ಸೇರುವ ಜಾಗ ಈ ಗಡಿಗಿಂತ ಮೇಲಿರುವಷ್ಟು ಹೊತ್ತು ಮಾತ್ರ ಎರಡೂ ಕಡೆಯ ಪ್ಲಾಸ್ಟಿಕ್ ಅಣುಗಳ ಸರಪಳಿಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಅದಕ್ಕೆ ಸಿಗುವುದು ಕೆಲವೇ ಸೆಕೆಂಡ್. ಕೆಳಗಿನ ಲೇಯರ್ ತಣ್ಣಗಾಗಿದ್ದರೆ, ಮೇಲಿಂದ ಫ್ಯಾನ್ ಊದುತ್ತಿದ್ದರೆ, ಆ ಸಮಯ ಇನ್ನೂ ಕಡಿಮೆಯಾಗುತ್ತದೆ. ಎಳೆ ಅಂಟಿದಂತೆ ಕಾಣುತ್ತದೆ, ಒಳಗೆ ಹೆಣಿಗೆ ಮುಗಿದಿರುವುದಿಲ್ಲ. ನಾಜಲ್‌ನಲ್ಲಿ 265 ಇದ್ದರೂ ತೆಳ್ಳನೆಯ ಎಳೆ ತಣ್ಣನೆ ಗಾಳಿಗೆ ಸಿಕ್ಕರೆ ಆ ಹೆಚ್ಚಿನ ಶಾಖ ಕ್ಷಣದಲ್ಲಿ ಹೋಗಿಬಿಡುತ್ತದೆ.

ಇದು ಒಂದು ಕಡೆ. ಇನ್ನೊಂದು ಕಡೆ ಎಳೆತ. ಗಟ್ಟಿಯಾದ ಮೇಲೂ ಪ್ಲಾಸ್ಟಿಕ್ ತಣ್ಣಗಾಗುತ್ತಾ ಕುಗ್ಗುತ್ತದೆ. ಪ್ರತಿ ಡಿಗ್ರಿಗೆ, ಪ್ರತಿ ಮೀಟರ್‌ಗೆ ಸುಮಾರು 90 ಮೈಕ್ರಾನ್ ಅಂತ ಹಿಡಿಯೋಣ. ಈ ಡಬ್ಬಿಯ 120 ಮಿ.ಮೀ. ಗೋಡೆ 100 ಡಿಗ್ರಿಯಿಂದ 33 ಡಿಗ್ರಿಗೆ ಇಳಿದರೆ ಸುಮಾರು 0.72 ಮಿ.ಮೀ. ಗಿಡ್ಡವಾಗಬೇಕು. ಸುತ್ತಲಿನ ಗಾಳಿ 50 ಡಿಗ್ರಿ ಇದ್ದರೆ, ಪ್ರಿಂಟ್ ನಡೆಯುವಾಗ ಕುಗ್ಗುವುದು 0.54 ಮಿ.ಮೀ. ಮಾತ್ರ. ಉಳಿದದ್ದು ಪ್ರಿಂಟ್ ಮುಗಿದ ಮೇಲೆ, ಇಡೀ ಡಬ್ಬಿ ಒಟ್ಟಿಗೆ ತಣ್ಣಗಾಗುವಾಗ ಕುಗ್ಗುತ್ತದೆ. ಎಲ್ಲ ಲೇಯರ್‌ಗಳೂ ಒಟ್ಟಿಗೆ ಕುಗ್ಗಿದರೆ ಒಂದನ್ನೊಂದು ಎಳೆಯುವ ಪ್ರಶ್ನೆ ಬರುವುದಿಲ್ಲ.

ಆದರೆ ಪ್ರಿಂಟ್ ನಡೆಯುವಾಗ ಹಾಗಾಗುವುದಿಲ್ಲ. ಕೆಳಗಿನ ಲೇಯರ್ ಆಗಲೇ ಕುಗ್ಗಿ ನಿಂತಿದೆ, ಮೇಲಿನದು ಈಗ ಕುಗ್ಗಲು ಹೊರಟಿದೆ, ಕೆಳಗಿನದು ಅದನ್ನು ಬಿಡುತ್ತಿಲ್ಲ. ಪ್ರತಿ ಲೇಯರ್ ಸ್ವಲ್ಪ ಸ್ವಲ್ಪ ಎಳೆತವನ್ನು ಉಳಿಸಿಹೋಗುತ್ತದೆ. ಎತ್ತರ ಹೆಚ್ಚಿದಂತೆ ಅದು ಕೂಡುತ್ತಾ ಹೋಗಿ ಮೂಲೆಗಳನ್ನು ಮೇಲಕ್ಕೆ ಎತ್ತಲು ನೋಡುತ್ತದೆ. ಗಿಡ್ಡ ಪ್ರಿಂಟ್ ಆದರೆ ಮೂಲೆ ಬೆಡ್‌ನಿಂದ ಏಳುತ್ತದೆ. ಎತ್ತರದ ಪ್ರಿಂಟ್, ಬೆಡ್‌ಗೆ ಗಟ್ಟಿಯಾಗಿ ಹಿಡಿದಿದೆ ಅನ್ನಿ, ಆಗ ನಡುವೆ ಎಲ್ಲಿ ಹೆಣಿಗೆ ಸಡಿಲವಾಗಿದೆಯೋ ಅಲ್ಲಿ ಬಾಯಿ ಬಿಡುತ್ತದೆ.

ಬೆಡ್ 105 ಇದೆಯಲ್ಲ, ಅದು ಕಾಯುವುದಿಲ್ಲವಾ ಅಂತ ಕೇಳಬಹುದು. ಪ್ಲಾಸ್ಟಿಕ್ ಶಾಖವನ್ನು ಸಾಗಿಸುವುದು ತೀರಾ ಕಡಿಮೆ. ಬೆಡ್‌ನ ಬಿಸಿ ಕೆಳಗಿನ ಸ್ವಲ್ಪ ಭಾಗವನ್ನು ಮಾತ್ರ ಕಾಪಾಡುತ್ತದೆ. 80 ಮಿ.ಮೀ. ಮೇಲಕ್ಕೆ ಹೋದ ಮೇಲೆ ಗೋಡೆಯ ಶಾಖವನ್ನು ನಿರ್ಧರಿಸುವುದು ಅದರ ಸುತ್ತ ಇರುವ ಗಾಳಿ. ಎತ್ತರದ ಪ್ರಿಂಟ್‌ಗಳೇ ಸೀಳುವುದು ಇದಕ್ಕೆ.

ಗಾಳಿ ಬಂದದ್ದೆಲ್ಲಿಂದ

"ಎನ್‌ಕ್ಲೋಷರ್ ಐತಲ್ರೀ ಸರ, ಬಾಗಿಲಾನೂ ಹಾಕೇವಿ. ಗಾಳಿ ಎಲ್ಲಿಂದ ಬರ್ತೈತ್ರೀ?" ಅಂತ ಪ್ರಿಂಟರ್ ನೋಡಿಕೊಳ್ಳುವ ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ. ಅಲ್ಯೂಮಿನಿಯಂ ಫ್ರೇಮಿಗೆ ಅಕ್ರಿಲಿಕ್ ಶೀಟ್ ಹಾಕಿ ಅವರೇ ಕಟ್ಟಿದ ಎನ್‌ಕ್ಲೋಷರ್ ಅದು. ಪವರ್ ಸಪ್ಲೈ ಹೊರಗೆ ಇಟ್ಟಿದ್ದರು, ಒಳ್ಳೆಯ ಕೆಲಸ. ಹಿಂದಿನ ಗೋಡೆಯ ಎಡ ಮೇಲ್ಭಾಗದಲ್ಲಿ 120 ಮಿ.ಮೀ. ಕಂಪ್ಯೂಟರ್ ಫ್ಯಾನ್ ಕೂರಿಸಿ, ವಾಸನೆ ಹೊರಹೋಗಲಿ ಅಂತ ಅದನ್ನು ಸದಾ ಓಡಿಸುತ್ತಿದ್ದರು. ಎಎಸ್‌ಎ, ಎಬಿಎಸ್ ಕರಗುವಾಗ ಸ್ಟೈರೀನ್ ಹೊಗೆ ಬರುತ್ತದೆ, ಅದನ್ನು ಉಸಿರಾಡುವುದು ಒಳ್ಳೆಯದಲ್ಲ. ಅವರ ಕಾಳಜಿ ಸರಿ.

ಪ್ರಿಂಟರ್ ಆಫ್ ಮಾಡಿ, ಬೆಡ್ ತಣ್ಣಗಾದ ಮೇಲೆ, ಹಿಂದಿನ ಆ ಫ್ಯಾನ್ ಮಾತ್ರ ಹಾಕಿಸಿದೆ. ಒಂದು ಊದುಬತ್ತಿ ಹಚ್ಚಿ ಬಾಗಿಲಿನ ಅಂಚಿನುದ್ದಕ್ಕೂ ನಿಧಾನವಾಗಿ ಹಿಡಿದುಕೊಂಡು ಹೋದೆವು. ಬಾಗಿಲಿನ ಬಲ ಅಂಚಿನ ಕೆಳಗಡೆ ಹೊಗೆ ನೆಟ್ಟಗೆ ಏರುತ್ತಿತ್ತು. ನಡುಭಾಗಕ್ಕೆ ಬಂದ ಕೂಡಲೇ ಹೊಗೆ ಅಡ್ಡಕ್ಕೆ ತಿರುಗಿ ಸರ್ರನೆ ಒಳಗೆ ಎಳೆದುಕೊಂಡಿತು. ಒಳಗೆ ಹೋದ ಹೊಗೆ ಬೆಡ್‌ನ ಬಲ ಮುಂದಿನ ಮೂಲೆಯ ಮೇಲೆ ಹಾದು, ಓರೆಯಾಗಿ ಹಿಂದಿನ ಫ್ಯಾನ್ ಕಡೆ ಹೋಯಿತು. ಅಕ್ರಿಲಿಕ್ ಬಾಗಿಲು ತಿಂಗಳುಗಟ್ಟಲೆ ಶಾಖ ತಿಂದು ನಡುವೆ ಹೊರಗೆ ಉಬ್ಬಿತ್ತು. ಮೇಲೆ ಕೆಳಗೆ ಕೂತಿದೆ, ನಡುವೆ ಬೆರಳು ತೂರುವಷ್ಟು ಸಂದು.

ಆ ಸಂದು ಎನ್‌ಕ್ಲೋಷರ್‌ನ ತಳದಿಂದ ಸುಮಾರು 180 ಮಿ.ಮೀ. ಎತ್ತರದಲ್ಲಿತ್ತು. ಬೆಡ್‌ನ ಮೇಲ್ಮೈ ತಳದಿಂದ 90 ಮಿ.ಮೀ. ಮೇಲಿದೆ. ಅಂದರೆ ಗಾಳಿ ಡಬ್ಬಿಗೆ ಬಡಿಯುತ್ತಿದ್ದುದು ಸುಮಾರು 90 ಮಿ.ಮೀ. ಎತ್ತರದಲ್ಲಿ. ಈ ಪ್ರಿಂಟರ್‌ನಲ್ಲಿ ಬೆಡ್ ಹಿಂದೆ ಮುಂದೆ ಮಾತ್ರ ಚಲಿಸುತ್ತದೆ, ನಾಜಲ್ ಮೇಲಕ್ಕೆ ಏರುತ್ತಾ ಹೋಗುತ್ತದೆ. ಹಾಗಾಗಿ ನಾಜಲ್ ಆ ಗಾಳಿಯ ಪಟ್ಟಿಯನ್ನು ದಾಟುವ ಗಂಟೆಗಳಲ್ಲಿ ಬಲ ಮೂಲೆಯ ಲೇಯರ್‌ಗಳು ಸಡಿಲವಾಗಿ ಕೂರುತ್ತಿದ್ದವು. ಸೀಳುಗಳು 74ರಿಂದ ನೂರರ ಆಸುಪಾಸಿನಲ್ಲೇ ಅಲೆದಾಡಿದ್ದು ಇದರಿಂದ. ಬೆಡ್ ಕೆಳಗಿಳಿಯುವ ಮಾದರಿಯ ಪ್ರಿಂಟರ್ ಆಗಿದ್ದರೆ ಲೆಕ್ಕ ಬೇರೆ ಇರುತ್ತಿತ್ತು, ಅಲ್ಲಿ ಪ್ರಿಂಟ್ ಆಗುವ ಜಾಗ ಸದಾ ಮೇಲೇ ಇರುತ್ತದೆ.

ಆಷಾಢದಲ್ಲೇ ಯಾಕೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಸಂದು ಬೇಸಿಗೆಯಲ್ಲೂ ಇತ್ತು, ಆದರೆ ಕೋಣೆಯ ಗಾಳಿ ಆಗ 35 ಡಿಗ್ರಿ ಹತ್ತಿರ ಇತ್ತು. ಈಗ 26. ಜೊತೆಗೆ ಪಡುವಣ ಕಿಟಕಿಯ ಗಾಳಿ ಬಾಗಿಲಿಗೇ ಬಡಿಯುತ್ತಿದೆ.

ಸುಮ್ನೆ ಊಹೆ ಬೇಡ ಅಂತ ಎರಡು ಅಗ್ಗದ ಡಿಜಿಟಲ್ ಥರ್ಮಾಮೀಟರ್ ತಂದು, ಅವುಗಳ ಪ್ರೋಬನ್ನು ಬೆಡ್‌ನಿಂದ 90 ಮಿ.ಮೀ. ಎತ್ತರದಲ್ಲಿ ತೂಗುಹಾಕಿದೆವು. ಒಂದು ಬಲ ಮುಂದೆ, ಇನ್ನೊಂದು ಎಡ ಹಿಂದೆ. ಬೆಡ್ 105ರಲ್ಲಿ ಮುಕ್ಕಾಲು ಗಂಟೆ ಕಾದ ಮೇಲೂ ಬಲ ಮುಂದೆ 33 ಡಿಗ್ರಿ, ಎಡ ಹಿಂದೆ 44. ಒಂದೇ ಎನ್‌ಕ್ಲೋಷರ್‌ನೊಳಗೆ 11 ಡಿಗ್ರಿ ವ್ಯತ್ಯಾಸ. ಸೀಳಿದ ಮೂಲೆ ಯಾವುದು, ಸೀಳದ ಮೂಲೆ ಯಾವುದು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಲಿಲ್ಲ. ಇಂಥ ಅಳತೆಗೆ ಇನ್‌ಫ್ರಾರೆಡ್ ಗನ್ ಬೇಡ. ಅದು ತೋರಿಸುವುದು ಎದುರಿನ ಮೇಲ್ಮೈಯ ಶಾಖ, ಗಾಳಿಯದ್ದಲ್ಲ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರಂತೂ ತಪ್ಪು ಸಂಖ್ಯೆಯೇ ಬರುತ್ತದೆ.

ರಿಪೇರಿ ದೊಡ್ಡದೇನಲ್ಲ. ಬಾಗಿಲಿಗೆ ನಡುವೆ ಒಂದು ಅಡ್ಡಪಟ್ಟಿ ಮತ್ತು ಇನ್ನೊಂದು ಚಿಲಕ, ಅಂಚಿಗೆ ಫೋಮ್ ಟೇಪ್. ಹಿಂದಿನ ಫ್ಯಾನ್ ಪ್ರಿಂಟ್ ನಡೆಯುವಾಗ ಆಫ್. ವಾಸನೆಗೆ ಏನು ಮಾಡುವುದು? ಎನ್‌ಕ್ಲೋಷರ್‌ನೊಳಗಿನ ಗಾಳಿಯನ್ನು ಎಳೆಯದೆ, ಕೋಣೆಯ ಗಾಳಿಯನ್ನು ಹೊರಹಾಕಬೇಕು. ಅವರ ಕೋಣೆಯಲ್ಲಿ ಆಗಲೇ ಒಂದು ಎಕ್ಸಾಸ್ಟ್ ಫ್ಯಾನ್ ಇತ್ತು. ಪ್ರಿಂಟ್ ರಾತ್ರಿ ಓಡುವುದರಿಂದ ಅಲ್ಲಿ ಯಾರೂ ಕೂರುವುದೂ ಇಲ್ಲ. ಪ್ರಿಂಟ್ ಮುಗಿದು ಎಲ್ಲ ತಣ್ಣಗಾದ ಮೇಲೆ, ಬಾಗಿಲು ತೆಗೆಯುವ ಮೊದಲು, ಹಿಂದಿನ ಫ್ಯಾನನ್ನು ಕೆಲವು ನಿಮಿಷ ಓಡಿಸಿದರಾಯಿತು.

ಬಾಗಿಲು ಸರಿಮಾಡಿದ ಮೇಲೆ ಅದೇ ಜಾಗದಲ್ಲಿ ಬಲಕ್ಕೆ 48, ಎಡಕ್ಕೆ 50 ಡಿಗ್ರಿ ಬಂತು. ಇನ್ನೂ ಏರಿಸಲು ಹೀಟರ್ ಹಾಕೋಣವಾ ಅಂದರು. ನಾನು ಬೇಡವೆಂದೆ. ಅವರ ಪ್ರಿಂಟರ್‌ನ ಕೆಲವು ಭಾಗಗಳು ಪಿಇಟಿಜಿಯಲ್ಲಿ ಪ್ರಿಂಟ್ ಮಾಡಿದವು. ಅದು 80 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ, ಮೋಟಾರ್‌ಗೆ ತಾಗಿದ ಕಡೆ ಶಾಖ ಗಾಳಿಗಿಂತ ಜಾಸ್ತಿಯೇ ಇರುತ್ತದೆ. ಈ ಗಾತ್ರದ ಡಬ್ಬಿಗೆ 50 ಸಾಕು. ಒಳಗಿನ ಗಾಳಿ 45 ದಾಟುವ ತನಕ ಪ್ರಿಂಟ್ ಶುರು ಮಾಡಬೇಡಿ ಅಂತ ಮಾತ್ರ ಹೇಳಿದೆ.

168 ಮಿ.ಮೀ.ನ ಗೆರೆ

ಎರಡನೇ ಬಿರುಕಿಗೆ ಜಿ-ಕೋಡ್ ಫೈಲನ್ನೇ ನೋಟ್‌ಪ್ಯಾಡ್‌ನಲ್ಲಿ ತೆರೆದು `M106` ಅಂತ ಹುಡುಕಿದೆವು. `M106` ಅಂದರೆ ಪಾರ್ಟ್ ಕೂಲಿಂಗ್ ಫ್ಯಾನ್ ಹಾಕು, `S255` ಅಂದರೆ ಪೂರ್ತಿ ವೇಗ, `M107` ಅಂದರೆ ಆರಿಸು. ಮೊದಲ 167 ಮಿ.ಮೀ. ತನಕ ಫ್ಯಾನ್ ಪೂರ್ತಿ ಓಡಿದ್ದೇ ಇಲ್ಲ. ಆಮೇಲೆ ಇದು ಬಂತು:

```
;Z:168.4
;TYPE:Overhang perimeter
M106 S255
```

ದುಂಡು ತೂತಿನ ನೆತ್ತಿಯ ಹತ್ತಿರ ಬಂದಾಗ ಎಳೆಯ ಕೆಳಗೆ ಆಸರೆ ಕಡಿಮೆಯಾಗುತ್ತದೆ. ಸ್ಲೈಸರ್ ಅದನ್ನು ಓವರ್‌ಹ್ಯಾಂಗ್ ಅಂತ ಗುರುತಿಸಿ, ಎಳೆ ಜೋಲದಿರಲಿ ಅಂತ ಫ್ಯಾನನ್ನು ಪೂರ್ತಿ ಹಾಕುತ್ತದೆ. ಪಿಎಲ್‌ಎಗೆ ಇದು ಬೇಕೇ ಬೇಕು. ಎಎಸ್‌ಎಗೆ ಇದೇ ಪೆಟ್ಟು. ಆಮೇಲೆ `M107` ಬಂದರೂ ಬ್ಲೋವರ್ ತಕ್ಷಣ ನಿಲ್ಲುವುದಿಲ್ಲ. ತಿರುಗುತ್ತಲೇ ಪಕ್ಕದ ಗೋಡೆಯ ಮೇಲೂ ಒಂದಷ್ಟು ದೂರ ಊದುತ್ತಾ ಹೋಗುತ್ತದೆ. ತೂತುಗಳ ನಡುವಿನ ಗೋಡೆ ಸಡಿಲವಾದದ್ದು ಹೀಗೆ. ತೂತಿನ ನೆತ್ತಿಯ ಆ ಎರಡು ಮೂರು ಮಿ.ಮೀ. ಉದ್ದಕ್ಕೂ ಪ್ರತಿ ಲೇಯರ್‌ನಲ್ಲಿ ಇದೇ ಕಥೆ.

ಸೆಟ್ಟಿಂಗ್ ಪಿಇಟಿಜಿ ಪ್ರೊಫೈಲ್‌ನಿಂದ ನಕಲಾಗಿ ಬಂದಿತ್ತು. ಸಾಮಾನ್ಯ ಫ್ಯಾನ್ ವೇಗ ಸೊನ್ನೆ ಮಾಡಿದ್ದರು, ಇಂಥ ಓವರ್‌ಹ್ಯಾಂಗ್‌ಗೂ ಅನ್ವಯಿಸುವ ಬ್ರಿಡ್ಜ್ ಫ್ಯಾನ್ ವೇಗ ಬೇರೆಯೇ ಒಂದು ಅಂಕಣದಲ್ಲಿ 100 ಅಂತಲೇ ಉಳಿದಿತ್ತು. ಇದು ಬಹಳ ಕಡೆ ನೋಡಿದ್ದೇನೆ. ಪ್ರೂಸಾಸ್ಲೈಸರ್‌ನಲ್ಲಿ ಹೀಗೆ ಬದಲಾಯಿಸಿದೆವು:

```
fan_always_on = 0
min_fan_speed = 0
max_fan_speed = 20
bridge_fan_speed = 20
enable_dynamic_fan_speeds = 0
fan_below_layer_time = 15
```

ಕೊನೆಯ ಸಾಲನ್ನೂ ಗಮನಿಸಬೇಕು. ಒಂದು ಲೇಯರ್ ಬೇಗ ಮುಗಿದರೆ, ಅದು ಆರಲಿ ಅಂತ ಸ್ಲೈಸರ್ ತಾನಾಗಿ ಫ್ಯಾನ್ ಏರಿಸುತ್ತದೆ. ಎಷ್ಟು ಸೆಕೆಂಡಿಗಿಂತ ಬೇಗ ಅನ್ನುವುದು ಆ ಸಂಖ್ಯೆ. ಈ ಡಬ್ಬಿಯ ಒಂದು ಲೇಯರ್‌ಗೆ 25 ಸೆಕೆಂಡಿಗಿಂತ ಜಾಸ್ತಿ ಹಿಡಿಯುವುದರಿಂದ 15 ಇಟ್ಟರೆ ತೊಂದರೆ ಇಲ್ಲ. 30 ಇಟ್ಟಿದ್ದರೆ ಫ್ಯಾನ್ ಇಡೀ ರಾತ್ರಿ ಓಡುತ್ತಿತ್ತು. 20 ಪರ್ಸೆಂಟ್‌ಗೆ ಕೆಲವು ಸಣ್ಣ ಬ್ಲೋವರ್‌ಗಳು ತಿರುಗುವುದೇ ಇಲ್ಲ, ಹಾಗಾಗಿ `M106 S51` ಕಳಿಸಿ ಕಣ್ಣಾರೆ ನೋಡಿಕೊಂಡೆವು.

ಫ್ಯಾನ್ ತಗ್ಗಿಸಿದ ಮೇಲೆ ಬಿರುಕು ಹೋಯಿತು, ಆದರೆ ತೂತಿನ ನೆತ್ತಿ ಜೋತುಬಿತ್ತು. ಗ್ಲ್ಯಾಂಡ್‌ನ ರಬ್ಬರ್ ವಾಷರ್ ಸರಿಯಾಗಿ ಕೂರಲಿಲ್ಲ, ಮಳೆ ನೀರು ಒಳಗೆ ಹೋಗುತ್ತದೆ. ತೂತಿನ ಮೇಲ್ಭಾಗವನ್ನು ಚೂಪಾಗಿ, ಹನಿಯ ಆಕಾರಕ್ಕೆ ಮಾಡಿದರೆ ಆಸರೆಯ ಸಮಸ್ಯೆ ಹೋಗುತ್ತದೆ ಅಂತ ಒಬ್ಬರು ಹೇಳಿದರು. 45 ಡಿಗ್ರಿ ಇಳಿಜಾರಿಗೆ ಆ ಚೂಪು ನಡುಬಿಂದುವಿನಿಂದ 14 ಮಿ.ಮೀ. ಮೇಲಕ್ಕೆ ಹೋಗುತ್ತದೆ. ಅವರ ವಾಷರ್ ಅಷ್ಟು ಅಗಲ ಇರಲಿಲ್ಲ. ಕೊನೆಗೆ ಮಾಡೆಲ್‌ನಲ್ಲಿ 4 ಮಿ.ಮೀ. ಗುರುತಿನ ತೂತು ಮಾತ್ರ ಇಟ್ಟು, ಆ ಭಾಗದ ಗೋಡೆಯನ್ನು ಪೂರ್ತಿ ಗಟ್ಟಿಯಾಗಿ ಪ್ರಿಂಟ್ ಮಾಡಿ, ಆಮೇಲೆ ಸ್ಟೆಪ್ ಡ್ರಿಲ್‌ನಿಂದ 20ಕ್ಕೆ ಕೊರೆದೆವು. ಹಿಂದೆ ಮರದ ತುಂಡು ಒತ್ತಿ ಹಿಡಿದು, ನಿಧಾನ ವೇಗದಲ್ಲಿ ಕೊರೆಯಬೇಕು. ಜೋರಾಗಿ ಒತ್ತಿದರೆ ಡ್ರಿಲ್ ಲೇಯರ್‌ಗಳನ್ನು ಅಗಲಿಸಿಬಿಡುತ್ತದೆ.

ಸರಿಯಾಯಿತು ಅಂತ ತಿಳಿದದ್ದು ಹೇಗೆ

ಸೀಳಿಲ್ಲ ಅಂದಮಾತ್ರಕ್ಕೆ ಗಟ್ಟಿ ಅಂತಲ್ಲ. ಹಳೆಯ ಡಬ್ಬಿಯ ಬಲ ಮೂಲೆಯ ಹತ್ತಿರದಿಂದ ಮತ್ತು ಹೊಸ ಡಬ್ಬಿಯ ಅದೇ ಜಾಗದಿಂದ, ನಿಂತ ಪಟ್ಟಿಗಳನ್ನು ಹ್ಯಾಕ್ಸಾದಿಂದ ಕೊಯ್ದು, ಇಕ್ಕಳದಲ್ಲಿ ಹಿಡಿದು ಬಗ್ಗಿಸಿದೆವು. ಹಳೆಯದು ಟಕ್ ಅಂತ ಮುರಿಯಿತು. ಮುರಿದ ಮುಖ ನುಣ್ಣಗಿತ್ತು, ಒಂದೊಂದು ಎಳೆಯ ಗೆರೆಯೂ ಎಣಿಸುವಂತೆ ಕಾಣುತ್ತಿತ್ತು. ಹೊಸದು ಮೊದಲು ಬಾಗಿತು, ಬಾಗಿದ ಜಾಗ ಬೂದು ಬಿಳಿಯಾಯಿತು, ಆಮೇಲೆ ಹರಿದಂತೆ ಮುರಿಯಿತು. ಮುಖ ಒರಟು, ಬಿರುಕು ಒಂದೇ ಲೇಯರ್‌ನಲ್ಲಿ ಓಡದೆ ಮೇಲೆ ಕೆಳಗೆ ಜಿಗಿದಿತ್ತು. ಇದು ಹೆಣಿಗೆ ಆಗಿದೆ ಅನ್ನುವುದಕ್ಕೆ ನಾನು ನಂಬುವ ಗುರುತು.

ಇನ್ನೊಂದು ಅಭ್ಯಾಸವನ್ನು ಬದಲಾಯಿಸಬೇಕಾಯಿತು. ಪ್ರಿಂಟ್ ಮುಗಿದದ್ದು ಕಂಡ ಕೂಡಲೇ ಬಾಗಿಲು ತೆಗೆದು ಡಬ್ಬಿ ಕೀಳುತ್ತಿದ್ದರು. ಬಿಸಿ ಡಬ್ಬಿಯ ಒಂದು ಬದಿಗೆ ತಣ್ಣನೆ ಗಾಳಿ ಬಡಿದರೆ ರಾತ್ರಿಯೆಲ್ಲ ಚೆನ್ನಾಗಿ ಬಂದದ್ದೂ ಆಗ ಬಿರುಕು ಬಿಡಬಹುದು. ಈಗ ಬೆಡ್ 50ಕ್ಕೆ ಇಳಿಯುವ ತನಕ ಬಾಗಿಲು ಮುಟ್ಟುವುದಿಲ್ಲ.

ಸೀಳಿದ ಹಳೆಯ ಡಬ್ಬಿಗಳನ್ನು ಅಸಿಟೋನ್‌ನಲ್ಲಿ ಎಎಸ್‌ಎ ಚೂರು ಕರಗಿಸಿ ತುಂಬಿ ಬಳಸಬಹುದಾ ಅಂತ ಕೇಳಿದರು. ತುಂಬಬಹುದು, ನೋಡಲು ಚೆನ್ನಾಗಿಯೂ ಕಾಣುತ್ತದೆ. ಆದರೆ ಗೋಡೆಯ ಒಳಗೆ ಉಳಿದಿರುವ ಎಳೆತ ಹಾಗೇ ಇರುತ್ತದೆ, ಬಿಸಿಲಲ್ಲಿ ಪಕ್ಕದಲ್ಲೇ ಇನ್ನೊಂದು ಸೀಳು ಬರುತ್ತದೆ. ಒಳಗೆ ಕರೆಂಟ್ ಇರುವ, ಮಳೆಯಲ್ಲಿ ನಿಲ್ಲುವ ಡಬ್ಬಿಗೆ ಅದು ಬೇಡವೆಂದೆ. ಅವು ಕೋಣೆಯೊಳಗಿನ ಸ್ಟಾಕ್ ಡಬ್ಬಿಗಳಾದವು.

ಆಮೇಲೆ ಅವರು ದೊಡ್ಡ ಸ್ಟಾರ್ಟರ್‌ಗೆ 340 ಮಿ.ಮೀ. ಎತ್ತರದ ಡಬ್ಬಿ ಬೇಕು ಅಂದರು. 50 ಡಿಗ್ರಿ ಗಾಳಿಯಲ್ಲಿ, 150 ಮಿ.ಮೀ. ಅಗಲದ ಗೋಡೆಯನ್ನು ಅಷ್ಟು ಎತ್ತರಕ್ಕೆ ಒಂದೇ ಸಲ ಒಯ್ಯುವುದು ನನಗೆ ಒಪ್ಪಿಗೆಯಾಗಲಿಲ್ಲ. 170ರ ಎರಡು ತುಂಡು ಮಾಡಿ, ನಡುವೆ 12 ಮಿ.ಮೀ. ಅಂಚು ಕೊಟ್ಟು, ರಬ್ಬರ್ ಗ್ಯಾಸ್ಕೆಟ್ ಇಟ್ಟು, ಆರು ಎಂ4 ಬೋಲ್ಟ್ ಹಾಕುವಂತೆ ಡ್ರಾಯಿಂಗ್ ಬದಲಾಯಿಸಿದ್ದೇವೆ.